ಕಾಫಿ ದರ ಏರಿಕೆ: ನೋಟಿಸ್‌ನಲ್ಲಿ ಏನಿರಬೇಕು?

ಪ್ರಶ್ನೆ: ಹಾಲು, ಕಾಫಿ ಪುಡಿ ಎರಡೂ ದುಬಾರಿ ಆಗಿವೆ. ಕಾಫಿಯನ್ನು 15ರಿಂದ 18 ರೂಪಾಯಿ ಮಾಡಬೇಕು. ದಿನಾ ಬರುವ ಗಿರಾಕಿಗಳಿಗೆ ನೋಟಿಸ್ ಹೇಗೆ ಬರೆಯಲಿ?

ಮೊದಲು ಒಂದು ಲೋಟದ ಲೆಕ್ಕ ಹಾಕಿ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರ್‌ಗೆ 4 ರೂಪಾಯಿ ಏರಿತು. ಲೋಟಕ್ಕೆ 100 ಮಿ.ಲೀ. ಹಾಲು ಅಂದರೆ ಬರೀ 40 ಪೈಸೆ. ಪುಡಿ ಕೆಜಿಗೆ 200 ರೂಪಾಯಿ ಏರಿದ್ದರೆ, 10 ಗ್ರಾಂಗೆ 2 ರೂಪಾಯಿ. ಹಾಗಾಗಿ ಸುಮ್ನೆ ಹಾಲಿನ ಮೇಲೆ ಹಾಕಬೇಡಿ. ಹಾಲಿನ ದರ ಎಲ್ಲರಿಗೂ ಗೊತ್ತು, ಅಲ್ವಾ?

ಹೀಗೆ ಬರೆಯಿರಿ: “ಕಾಫಿ ಪುಡಿ ಕೆಜಿಗೆ 200 ರೂಪಾಯಿ ಜಾಸ್ತಿಯಾಗಿದೆ, ಹಾಲೂ ಏರಿದೆ. ಮುಂದಿನ ಸೋಮವಾರದಿಂದ ಕಾಫಿ 18 ರೂಪಾಯಿ. ಲೋಟದ ಅಳತೆ, ತಿಂಡಿ ದರ ಹಾಗೇ ಇರುತ್ತದೆ.”

ಒಂದು ವಾರ ಮೊದಲೇ ಗಲ್ಲಾದ ಪಕ್ಕ ಅಂಟಿಸಿ. 2 ರೂಪಾಯಿ ಚಿಲ್ಲರೆಯೂ ಸಾಕಷ್ಟು ಇರಲಿ.