ಯೂಟ್ಯೂಬ್ ಚಾನೆಲ್: ಮೊದಲ ದಿನದ ಸೆಟ್ಟಿಂಗ್‌ನಿಂದ 4,000 ಗಂಟೆಯವರೆಗೆ

ಪ್ರಶ್ನೆ: ನಾನು, ನನ್ನ ತಮ್ಮ ಸೇರಿ ಸೈಕಲ್ ರಿಪೇರಿ ಹೇಳಿಕೊಡೋ ಚಾನೆಲ್ ಶುರು ಮಾಡಬೇಕು ಅಂತಿದೀವಿ. ಅಕೌಂಟ್, ಹೆಸರು, ಬ್ಯಾನರ್, ಅಪ್‌ಲೋಡ್ ಸೆಟ್ಟಿಂಗ್ ಎಲ್ಲ ಹೇಗೆ ಮಾಡೋದು? ಮಾನಿಟೈಸೇಶನ್‌ಗೆ 4,000 ಗಂಟೆ ಬೇಕಂತೆ, ಅದನ್ನ ಹೇಗೆ ಲೆಕ್ಕ ಹಾಕ್ತಾರೆ?

ಉತ್ತರ: ಇಬ್ಬರು ಸೇರಿ ನಡೆಸುವ ಚಾನೆಲ್ ಅಂದಿರಿ, ಹಾಗಾದರೆ ಅಕೌಂಟ್‌ನಿಂದಲೇ ಎಚ್ಚರ ಬೇಕು. ನಿಮ್ಮ ಸ್ವಂತ ಜಿಮೇಲ್‌ನಲ್ಲಿ ನೇರವಾಗಿ ಚಾನೆಲ್ ತೆರೆದರೆ ಅದು ಆ ಜಿಮೇಲ್‌ಗೇ ಅಂಟಿಕೊಳ್ಳುತ್ತದೆ. ಅದರ ಬದಲು `youtube.com/channel_switcher`ಗೆ ಹೋಗಿ `Create a channel` ಒತ್ತಿ. ಅಲ್ಲಿ ತೆರೆದ ಚಾನೆಲ್ ಬ್ರ್ಯಾಂಡ್ ಅಕೌಂಟ್‌ನಲ್ಲಿರುತ್ತದೆ, ಅದರ ಒಡೆತನವನ್ನು ಮುಂದೆ ಇನ್ನೊಬ್ಬರಿಗೆ ವರ್ಗಾಯಿಸಬಹುದು. ತಮ್ಮನನ್ನೂ ಓನರ್ ಆಗಿ ಸೇರಿಸಿಡಿ. ಆತ ಮುಖ್ಯ ಓನರ್ ಆಗಬೇಕಾದರೆ ಓನರ್ ಆಗಿ ಕನಿಷ್ಠ 7 ದಿನ ಆಗಿರಬೇಕು, ಹಾಗಾಗಿ ಇದು ಅಗತ್ಯ ಬಿದ್ದ ದಿನ ಮಾಡುವ ಕೆಲಸವಲ್ಲ. ಒಂದೇ ಪಾಸ್‌ವರ್ಡ್ ಇಬ್ಬರೂ ಹಂಚಿಕೊಳ್ಳುವುದು ಮಾತ್ರ ಬೇಡ. ಮಾನಿಟೈಸೇಶನ್‌ಗೆ ಟೂ-ಸ್ಟೆಪ್ ವೆರಿಫಿಕೇಶನ್ ಕಡ್ಡಾಯ, ಪ್ರತಿ ಸಲ ಲಾಗಿನ್ ಆಗಲು ಒಬ್ಬರು ಇನ್ನೊಬ್ಬರ ಫೋನ್‌ಗೆ ಕಾಯಬೇಕಾಗುತ್ತದೆ.

ಚಾನೆಲ್ ತೆರೆದ ದಿನವೇ `youtube.com/verify`ನಲ್ಲಿ ಫೋನ್ ನಂಬರ್ ವೆರಿಫೈ ಮಾಡಿ. ಅದಾಗದೆ 15 ನಿಮಿಷ ಮೀರಿದ ವಿಡಿಯೋ ಏರುವುದಿಲ್ಲ, ನೀವೇ ಮಾಡಿದ ಥಂಬ್‌ನೇಲ್ ಹಾಕಲೂ ಬರುವುದಿಲ್ಲ. ಒಂದು ನಂಬರ್‌ನಿಂದ ವರ್ಷಕ್ಕೆ ಎರಡು ಚಾನೆಲ್ ಮಾತ್ರ ವೆರಿಫೈ ಆಗುತ್ತವೆ. ಪ್ರಯೋಗಕ್ಕೆಂದು ಚಾನೆಲ್‌ಗಳನ್ನು ತೆರೆದು ನಂಬರ್ ಖರ್ಚು ಮಾಡಿಕೊಂಡವರು ಸಿಕ್ಕಿಬೀಳುವುದು ಇಲ್ಲೇ.

ಹೆಸರು ಮತ್ತು ಬ್ಯಾನರ್‌ಗೆ ವಾರಗಟ್ಟಲೆ ತಲೆಕೆಡಿಸಿಕೊಳ್ಳಬೇಡಿ. ಚಾನೆಲ್ ಹೆಸರನ್ನೂ, `@` ಇಂದ ಶುರುವಾಗುವ ಹ್ಯಾಂಡಲನ್ನೂ 14 ದಿನದಲ್ಲಿ ಎರಡು ಸಲ ಬದಲಿಸಬಹುದು. ಹ್ಯಾಂಡಲ್‌ನಲ್ಲಿ ಅಂಕಿ, ಅಡ್ಡಗೆರೆ ತುರುಕಬೇಡಿ, ಬಾಯಲ್ಲಿ ಹೇಳಿದರೆ ಕೇಳಿದವರು ಟೈಪ್ ಮಾಡುವಂತಿರಲಿ. ಬ್ಯಾನರ್ ಚಿತ್ರ ಕನಿಷ್ಠ 2048×1152 ಪಿಕ್ಸೆಲ್ ಇರಬೇಕು, ಫೈಲ್ 6 ಎಂಬಿ ಒಳಗಿರಬೇಕು. ಆದರೆ ಎಲ್ಲ ಪರದೆಯಲ್ಲೂ ಖಂಡಿತ ಕಾಣುವುದು ನಡುವಿನ 1235×338ರ ಪಟ್ಟಿ ಮಾತ್ರ. ಅಕ್ಷರವೆಲ್ಲ ಆ ಪಟ್ಟಿಯೊಳಗಿರಲಿ, ಇಲ್ಲದಿದ್ದರೆ ಟಿವಿಯಲ್ಲಿ ಚೆನ್ನಾಗಿ ಕಂಡದ್ದು ಫೋನ್‌ನಲ್ಲಿ ರುಂಡ ಹಾರಿಸಿಕೊಂಡು ನಿಲ್ಲುತ್ತದೆ. ಪ್ರೊಫೈಲ್ ಚಿತ್ರವನ್ನು ಕಾಮೆಂಟ್ ಪಕ್ಕದಲ್ಲಿ ಕಾಣುವಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಗುರುತು ಸಿಕ್ಕರೆ ಸಾಕು.

ಅಪ್‌ಲೋಡ್ ಸೆಟ್ಟಿಂಗ್‌ನಲ್ಲಿ ಮೊದಲು, ಚಾನೆಲ್ ನಿರ್ವಹಿಸುವ ಯೂಟ್ಯೂಬ್ Studioದ `Settings` ಒಳಗಿನ `Upload defaults` ತುಂಬಿ. ಪ್ರತಿ ವಿಡಿಯೋಕ್ಕೂ ಬರುವ ವಿವರಣೆಯ ಸಾಲು, ಭಾಷೆ, ಕೆಟಗರಿ ಅಲ್ಲಿರಲಿ. `Visibility`ಯನ್ನು `Private` ಮಾಡಿಡಿ. ಅಪ್‌ಲೋಡ್ ಮುಗಿದ ಕೂಡಲೇ ಯೂಟ್ಯೂಬ್ ಮೊದಲು ಕಡಿಮೆ ಗುಣಮಟ್ಟದ ಪ್ರತಿಯನ್ನು ಸಿದ್ಧಮಾಡುತ್ತದೆ, ಎಚ್‌ಡಿ ಆಮೇಲೆ ಬರುತ್ತದೆ. ಹಾಗೇ `Public` ಮಾಡಿಬಿಟ್ಟರೆ ಮೊದಲು ಬಂದವರಿಗೆ ಮಸುಕು ವಿಡಿಯೋ. ಅದೇ ಹೊತ್ತಿನಲ್ಲಿ ಕಾಪಿರೈಟ್ ತಪಾಸಣೆಯೂ ನಡೆಯುತ್ತದೆ, ಹಿನ್ನೆಲೆ ಸಂಗೀತದ ತಕರಾರು ಯಾರೂ ನೋಡುವ ಮೊದಲೇ ತಿಳಿಯುತ್ತದೆ. ಒಂದು ಮಾತು: ಈ ಡಿಫಾಲ್ಟ್‌ಗಳು ಕಂಪ್ಯೂಟರ್ ಬ್ರೌಸರ್‌ನಿಂದ ಏರಿಸಿದಾಗ ಮಾತ್ರ ಅನ್ವಯ. ನಿಮ್ಮ ತಮ್ಮ ಮೊಬೈಲ್‌ನಿಂದ ಏರಿಸಿದರೆ ಎಲ್ಲವನ್ನೂ ಕೈಯಲ್ಲೇ ಆರಿಸಬೇಕು.

`Made for kids` ಪ್ರಶ್ನೆಗೆ ನಿಮ್ಮ ಉತ್ತರ `No`. ಮಕ್ಕಳೂ ನೋಡಬಹುದು ಅಂತ `Yes` ಒತ್ತುವವರಿದ್ದಾರೆ. ಆದರೆ ಅದು ಕೇಳುತ್ತಿರುವುದು ವಿಡಿಯೋ ಮಕ್ಕಳಿಗೆಂದೇ ಮಾಡಿದ್ದಾ ಅಂತ, ಮಕ್ಕಳು ನೋಡಬಹುದಾ ಅಂತಲ್ಲ. `Yes` ಅಂದರೆ ಕಾಮೆಂಟ್, ಎಂಡ್ ಸ್ಕ್ರೀನ್ ಹೋಗುತ್ತವೆ, ನೋಡುಗರ ಆಸಕ್ತಿ ಆಧರಿಸಿದ ಜಾಹೀರಾತೂ ಬರುವುದಿಲ್ಲ. ಕಾಮೆಂಟ್ ಯಾಕೆ ತೆರೆಯುತ್ತಿಲ್ಲ ಅಂತ ಪರದಾಡುವ ಹೊಸಬರು ಮೊದಲು ನೋಡಬೇಕಾದ್ದು ಇದನ್ನೇ.

ಇನ್ನು ಜನ ವಿಡಿಯೋ ನೋಡಿದ ಗಂಟೆಗಳ ಲೆಕ್ಕ. ಎರಡು ಮೆಟ್ಟಿಲಿವೆ. 2023ರ ಜೂನ್‌ನಲ್ಲಿ ಬಂದ ಕೆಳಗಿನ ಮೆಟ್ಟಿಲಿಗೆ 500 ಸಬ್‌ಸ್ಕ್ರೈಬರ್, ಕಳೆದ 90 ದಿನದಲ್ಲಿ 3 ಸಾರ್ವಜನಿಕ ಅಪ್‌ಲೋಡ್, ಜೊತೆಗೆ 365 ದಿನದಲ್ಲಿ 3,000 ಗಂಟೆ ಅಥವಾ 90 ದಿನದಲ್ಲಿ 30 ಲಕ್ಷ ಶಾರ್ಟ್ಸ್ ವೀಕ್ಷಣೆ ಬೇಕು. ಇದರಿಂದ ಸಿಗುವುದು ಮೆಂಬರ್‌ಶಿಪ್, ಸೂಪರ್ ಚಾಟ್ ಥರದ, ನೋಡುಗರೇ ಕೊಡುವ ಹಣ. ಜಾಹೀರಾತಿನ ಪಾಲಿಗೆ 1,000 ಸಬ್‌ಸ್ಕ್ರೈಬರ್, ಜೊತೆಗೆ 365 ದಿನದಲ್ಲಿ 4,000 ಗಂಟೆ ಅಥವಾ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ ಬೇಕು. ಆಗ ವಿಡಿಯೋದ ಜಾಹೀರಾತು ಆದಾಯದಲ್ಲಿ 55 ಪರ್ಸೆಂಟ್ ನಿಮ್ಮದು.

4,000 ಗಂಟೆ ಅಂದರೆ 2,40,000 ನಿಮಿಷ. ನಿಮ್ಮದು 8 ನಿಮಿಷದ ವಿಡಿಯೋ, ಜನ ಸರಾಸರಿ 4 ನಿಮಿಷ ನೋಡುತ್ತಾರೆ ಅಂದುಕೊಳ್ಳಿ. 60,000 ವೀಕ್ಷಣೆ ಬೇಕು, ದಿನಕ್ಕೆ ಸುಮಾರು 165. ಪಂಕ್ಚರ್ ಹಾಕುವುದನ್ನು ನೇರವಾಗಿ ಶುರುಮಾಡಿ ಸರಾಸರಿಯನ್ನು 5 ನಿಮಿಷಕ್ಕೆ ಏರಿಸಿದರೆ 48,000 ಸಾಕು. ಈ 365 ದಿನ ಇಂದಿನಿಂದ ಹಿಂದಕ್ಕೆ ಎಣಿಸುವಂಥದ್ದು, ಪ್ರತಿ ದಿನ ಹಳೆಯ ಒಂದು ದಿನ ಲೆಕ್ಕದಿಂದ ಕಳಚುತ್ತದೆ. ಹೋದ ವರ್ಷ ಒಂದೇ ವಿಡಿಯೋ ಓಡಿದ್ದರೆ ಈ ವರ್ಷ ಅಂಕಿ ಇಳಿಯಲೂಬಹುದು.

ಎಲ್ಲರೂ ಮೋಸಹೋಗುವ ಜಾಗ ಇನ್ನೊಂದಿದೆ. `Analytics` 4,300 ಗಂಟೆ ತೋರಿಸುತ್ತಿದೆ, ಆದರೆ `Earn` ಪುಟದಲ್ಲಿ 2,900 ಮಾತ್ರ ಇದೆ ಅಂತಿಟ್ಟುಕೊಳ್ಳಿ. 900 ಗಂಟೆ ಶಾರ್ಟ್ಸ್ ಫೀಡ್‌ನದು, 500 ಗಂಟೆ ಆಮೇಲೆ `Unlisted` ಮಾಡಿದ ವಿಡಿಯೋದ್ದು. ಎರಡೂ ಲೆಕ್ಕಕ್ಕಿಲ್ಲ. `Private` ಮಾಡಿದ್ದು, ಡಿಲೀಟ್ ಮಾಡಿದ್ದು, ದುಡ್ಡು ಕೊಟ್ಟು ಜಾಹೀರಾತಿನಿಂದ ತಂದ ವೀಕ್ಷಣೆ ಇವೂ ಇಲ್ಲ. ಆದ್ದರಿಂದ ನಂಬಬೇಕಾದ್ದು `Earn` ಪುಟದ ಅಂಕಿಯನ್ನೇ. 2024ರ ಅಕ್ಟೋಬರ್ 15ರಿಂದ 3 ನಿಮಿಷದವರೆಗಿನ, ಫೋನ್ ನಿಲ್ಲಿಸಿ ತೆಗೆದ ಅಥವಾ ಚೌಕದ ವಿಡಿಯೋವೂ ಶಾರ್ಟ್ಸ್ ಆಗಿಯೇ ಹೋಗುತ್ತದೆ. ಚೈನ್ ಬಿಗಿ ಮಾಡುವ ಎರಡೂವರೆ ನಿಮಿಷದ ವಿಡಿಯೋವನ್ನು ಫೋನ್ ನಿಲ್ಲಿಸಿ ಹಿಡಿದು ತೆಗೆದರೆ ಫೀಡ್‌ನಲ್ಲಿ ಜನ ಎಷ್ಟು ನೋಡಿದರೂ ಗಂಟೆ ಸೇರದು. ಫೋನ್ ಅಡ್ಡ ಹಿಡಿಯಿರಿ.

ಅಂಕಿ ತುಂಬಿತು ಅಂದಮಾತ್ರಕ್ಕೆ ಒಪ್ಪಿಗೆ ಸಿಗದು. ಅರ್ಜಿ ಹಾಕಿದ ಮೇಲೆ ಚಾನೆಲ್‌ನ ಮುಖ್ಯ ವಿಷಯ, ಹೆಚ್ಚು ಓಡಿದ ವಿಡಿಯೋ, ಹೊಸ ವಿಡಿಯೋ ಇವನ್ನೆಲ್ಲ ಪರಿಶೀಲಿಸುತ್ತಾರೆ, ಸಾಮಾನ್ಯವಾಗಿ ಒಂದು ತಿಂಗಳು ಹಿಡಿಯುತ್ತದೆ. ಬೇರೆಯವರ ತುಣುಕುಗಳನ್ನು ಜೋಡಿಸಿದ ಚಾನೆಲ್ ಬಿದ್ದುಹೋಗುವುದು ಇಲ್ಲಿ, ಕಾಪಿರೈಟ್ ತಕರಾರು ಒಂದೂ ಇರದಿದ್ದರೂ ಸಹ. ನೀವು ಕೈ ಕೊಳೆ ಮಾಡಿಕೊಂಡು, ನಿಮ್ಮದೇ ದನಿಯಲ್ಲಿ ವಿವರಿಸುವ ವಿಡಿಯೋಕ್ಕೆ ಆ ಭಯವಿಲ್ಲ. ಮೊದಲ ಸಲ ತಿರಸ್ಕರಿಸಿದರೆ 21 ದಿನದೊಳಗೆ ಮೇಲ್ಮನವಿ ಹಾಕಬಹುದು, ಇಲ್ಲವೇ 30 ದಿನ ಬಿಟ್ಟು ಮತ್ತೆ ಅರ್ಜಿ.

ಯೂಟ್ಯೂಬ್ ಹಣ ಕೊಡುವುದು ಆ್ಯಡ್‌ಸೆನ್ಸ್ ಖಾತೆಯ ಮೂಲಕ. ಅದನ್ನು ಹೊಸದಾಗಿ ತೆರೆಯುವ ಮೊದಲು ಇಬ್ಬರೂ ಹಳೆಯ ಜಿಮೇಲ್‌ಗಳನ್ನು ತಡಕಿ ನೋಡಿ. ಹಣ ಪಡೆಯುವವರ ಹೆಸರಿನಲ್ಲಿ ಒಂದೇ ಖಾತೆ ಇರಬೇಕು. ಹಿಂದೆ ಬ್ಲಾಗಿಗೆಂದು ತೆರೆದದ್ದು ಉಳಿದಿದ್ದರೆ ಹೊಸದು ತಿರಸ್ಕೃತವಾಗುತ್ತದೆ, ಆಗ ಹಳೆಯದನ್ನೇ ಜೋಡಿಸಬೇಕು. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸಕ್ಕೆ ಅಂಚೆಯಲ್ಲಿ ಪಿನ್ ಬರುತ್ತದೆ. ಅದಕ್ಕೆ 4 ತಿಂಗಳ ಗಡುವು. ಹಣ ಕೈಗೆ ಬರುವುದು 100 ಡಾಲರ್ ದಾಟಿದ ಮೇಲೆ, ಮುಂದಿನ ತಿಂಗಳ 21ರಿಂದ 26ರ ನಡುವೆ.