ಒಂಬತ್ತಕ್ಕೆ ಬೀಳುವುದು ಬೇರೆ, ಒಂಬತ್ತು ತುಂಬುವುದು ಬೇರೆ

ಪ್ರಶ್ನೆ: ನಮ್ಮ ಮಗಳು ಹುಟ್ಟಿದ್ದು 2026ರ ಮಾರ್ಚ್ 4, ಬುಧವಾರ. ಹುಟ್ಟಿದಾಗಿನ ಲಸಿಕೆಗಳನ್ನು ಆಸ್ಪತ್ರೆಯಲ್ಲೇ ಹಾಕಿದರು. ಮುಂದಿನದನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಬೇಕು. ನಾನು ಕೆಲಸಕ್ಕೆ ಹೋದಾಗ ಮಗುವನ್ನು ಕರೆದುಕೊಂಡು ಹೋಗುವವರು ನನ್ನ ಅಪ್ಪ, ಅಮ್ಮ. ಖಾಸಗಿ ಆಸ್ಪತ್ರೆ ಕೊಟ್ಟ ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿದೆ. ಅದನ್ನು ಕನ್ನಡಕ್ಕೆ ತಂದು ಗೋಡೆ ಕ್ಯಾಲೆಂಡರಿನಲ್ಲಿ ಬರೆದುಕೊಡಬೇಕು ಅಂತಿದ್ದೇನೆ. ಹೇಗೆ ಬರೆದರೆ ತಪ್ಪಾಗುವುದಿಲ್ಲ?

ಉತ್ತರ: ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ತಾಯಿ ಕಾರ್ಡ್ ತೆಗೆಯಿರಿ. ಎರಡೂ ಒಂದೇ ಅಲ್ಲ. ಉದಾಹರಣೆಗೆ, ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯನ್ನು ಖಾಸಗಿಯಲ್ಲಿ ಸಾಮಾನ್ಯವಾಗಿ 6, 10, 14ನೇ ವಾರ ಮೂರು ಸಲವೂ ಹಾಕುತ್ತಾರೆ. ಸರ್ಕಾರಿ ಪಟ್ಟಿಯಲ್ಲಿ ಅದು 6 ಮತ್ತು 14 ವಾರಕ್ಕೆ, ಆಮೇಲೆ 9 ತಿಂಗಳು ತುಂಬಿದ ಮೇಲೆ. ನೀವು ಖಾಸಗಿ ಪಟ್ಟಿಯನ್ನೇ ಕನ್ನಡ ಮಾಡಿಕೊಟ್ಟರೆ, ಹತ್ತನೇ ವಾರ ನಿಮ್ಮ ತಾಯಿ ಬರೀ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬಂದು, ನರ್ಸಮ್ಮ ಏನೋ ಬಿಟ್ಟುಬಿಟ್ಟರು ಎಂದು ಕೊರಗುತ್ತಾರೆ. ಲಸಿಕೆ ಎಲ್ಲಿ ಹಾಕಿಸುತ್ತೀರೋ ಅಲ್ಲಿನ ಪಟ್ಟಿಯನ್ನೇ ಬರೆಯಿರಿ.

ಲಸಿಕೆಯ ಹೆಸರನ್ನು ಅನುವಾದಿಸಲು ಹೋಗಬೇಡಿ. ಪೆಂಟಾ, ಪಿಸಿವಿ, ಐಪಿವಿ, ರೋಟಾ, ಎಂಆರ್ ಎಂದು ಕೇಳಿಸುವ ಹಾಗೇ ಕನ್ನಡದಲ್ಲಿ ಬರೆಯಿರಿ, ಏಕೆಂದರೆ ಕೇಂದ್ರದಲ್ಲಿ ಆಡುವ ಮಾತು ಅದೇ. ಕನ್ನಡ ಬೇಕಾಗಿರುವುದು ಕಾಯಿಲೆಯ ಹೆಸರಿಗೆ. ಅಲ್ಲೂ ಎರಡು ಕಡೆ ಜೋಪಾನ. ಎಂಆರ್ ಲಸಿಕೆ ದಡಾರ ಮತ್ತು ರುಬೆಲ್ಲಾಕ್ಕೆ; ಅದನ್ನು ಸಿಡುಬು ಎಂದು ಬರೆದರೆ ಹಿರಿಯರಿಗೆ ಬೇರೆಯೇ ರೋಗ ನೆನಪಾಗುತ್ತದೆ. ಹೆಪಟೈಟಿಸ್ ಬಿಯನ್ನು ಕಾಮಾಲೆ ಎಂದಷ್ಟೇ ಬರೆದರೆ, 'ಹುಟ್ಟಿದಾಗ ಮಗು ಹಳದಿಯಾಗಿತ್ತಲ್ಲ, ಅದು ಬಂದು ಹೋಯಿತು' ಎನ್ನುವವರಿದ್ದಾರೆ. ಅದನ್ನು ಹೆಪಟೈಟಿಸ್ ಬಿ ಎಂದೇ ಇರಲು ಬಿಡಿ.

ಆದರೆ ಹೆಸರಿಗಿಂತ ದೊಡ್ಡ ತೊಡಕು ದಿನದ ಲೆಕ್ಕದಲ್ಲಿದೆ. ಒಬ್ಬ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದರು. 'ಒಂಬತ್ತಕ್ಕೆ ಬಿತ್ತಲ್ಲ ಡಾಕ್ಟ್ರೇ, ದಡಾರದ್ದು ಹಾಕ್ಬಿಡಿ' ಎಂದರು. ಅವರ ಕೈಯಲ್ಲಿದ್ದ ಚೀಟಿಯಲ್ಲಿ ಮಗಳು '9ನೇ ತಿಂಗಳು' ಎಂದು ಬರೆದಿದ್ದಳು. ಮಗುವಿಗೆ ಎಂಟು ತಿಂಗಳು ಮುಗಿದು ನಾಲ್ಕು ದಿನ. ಅಜ್ಜಿ ಓದಿದ್ದರಲ್ಲಿ ತಪ್ಪಿಲ್ಲ, ಒಂಬತ್ತನೇ ತಿಂಗಳು ಅಂದರೆ ಅದೇ. ಬರೆದದ್ದೇ ತಪ್ಪು. ತಾಯಿಯಿಂದ ಬಂದ ರೋಗನಿರೋಧಕಗಳು ಮಗುವಿನ ರಕ್ತದಲ್ಲಿ ಇನ್ನೂ ಉಳಿದಿರುವಾಗ ದಡಾರದ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ 9 ತಿಂಗಳು ತುಂಬಲಿ ಎಂದು ಕಾಯುವುದು. ಆ ಅಜ್ಜಿಯನ್ನು ಹಾಗೇ ವಾಪಸ್ ಕಳಿಸಬೇಕಾದಾಗ ನನಗೆ ಬಹಳ ಸಂಕಟವಾಯಿತು.

ವಾರಗಳದ್ದೂ ಇಂಥದೇ ಕಥೆ. ಆಡುಮಾತಿನಲ್ಲಿ ಆರು ವಾರವನ್ನು ಒಂದೂವರೆ ತಿಂಗಳು ಎನ್ನುತ್ತೇವೆ. ಆರು ವಾರ ಅಂದರೆ 42 ದಿನ, ನಿಮ್ಮ ಮಗುವಿಗೆ ಅದು ತುಂಬುವುದು ಏಪ್ರಿಲ್ 15ಕ್ಕೆ. ಒಂದೂವರೆ ತಿಂಗಳು ಎಂದರೆ ಏಪ್ರಿಲ್ 19 ದಾಟಲಿ ಎಂದು ಕೂರುತ್ತಾರೆ. ಇನ್ನು ನಿಮ್ಮ ತಾಯಿ ನಾಮಕರಣದ ಹನ್ನೊಂದನೇ ದಿನ ಎಣಿಸಿದ ಹಾಗೆ ಹುಟ್ಟಿದ ದಿನವನ್ನೂ ಸೇರಿಸಿ ಎಣಿಸಿದರೆ 42ನೇ ದಿನ ಏಪ್ರಿಲ್ 14ಕ್ಕೇ ಬರುತ್ತದೆ, ಒಂದು ದಿನ ಮುಂಚೆ. ಪಂಚಾಂಗದ ತಿಂಗಳಂತೂ ಈ ಲೆಕ್ಕಕ್ಕೆ ಬೇಡವೇ ಬೇಡ, ಈ ವರ್ಷ ಅಧಿಕ ಜ್ಯೇಷ್ಠ ಬೇರೆ ಬರುತ್ತದೆ.

ಹಾಗಾಗಿ ವಾರ, ತಿಂಗಳು ಯಾವುದನ್ನೂ ಕ್ಯಾಲೆಂಡರಿನಲ್ಲಿ ಬರೆಯದೆ, ಎಣಿಸುವ ಕೆಲಸ ನೀವೇ ಮುಗಿಸಿ ತಾರೀಖು ಮತ್ತು ವಾರದ ಹೆಸರನ್ನಷ್ಟೇ ಬರೆಯಿರಿ. ತಾಳೆ ನೋಡಲು ಒಂದು ಸುಲಭ ಉಪಾಯವಿದೆ: 6, 10, 14 ವಾರಗಳು ತುಂಬುವುದು ಯಾವಾಗಲೂ ಮಗು ಹುಟ್ಟಿದ ವಾರದಂದೇ. ಬುಧವಾರ ಹುಟ್ಟಿದ ನಿಮ್ಮ ಮಗಳಿಗೆ ಏಪ್ರಿಲ್ 15, ಮೇ 13, ಜೂನ್ 10, ಮೂರೂ ಬುಧವಾರ. ಬೇರೆ ವಾರ ಬಂದಿದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಆದರೆ ಕೆಂಪು ಸುತ್ತು ಹಾಕಬೇಕಾದದ್ದು ಈ ತಾರೀಖುಗಳಿಗಲ್ಲ, ಇವುಗಳ ನಂತರ ಬರುವ ಮೊದಲ ಲಸಿಕೆ ದಿನಕ್ಕೆ. ನಮ್ಮಲ್ಲಿ ಹೆಚ್ಚಿನ ಕಡೆ ಅದು ಗುರುವಾರ. ಊರಿನ ಅಂಗನವಾಡಿಯಲ್ಲಾದರೆ ತಿಂಗಳಿಗೆ ಒಂದೇ ಗುರುವಾರ ಇರಬಹುದು, ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ. ಪ್ರತಿ ಗುರುವಾರ ಇದ್ದರೆ ನಿಮ್ಮ ಸುತ್ತುಗಳು ಏಪ್ರಿಲ್ 16, ಮೇ 14, ಜೂನ್ 11. ಒಂಬತ್ತು ತಿಂಗಳು ತುಂಬುವುದು ಡಿಸೆಂಬರ್ 4, ಶುಕ್ರವಾರ; ಸುತ್ತು ಡಿಸೆಂಬರ್ 10ಕ್ಕೆ. ಪ್ರತಿ ಸುತ್ತಿನ ಹಿಂದಿನ ಬುಧವಾರದ ಮನೆಯಲ್ಲಿ ಪೆನ್ಸಿಲಿನಿಂದ 'ನಾಳೆ ಲಸಿಕೆ, ಕಾರ್ಡ್ ಎತ್ತಿಡಿ' ಎಂದು ಬರೆಯಿರಿ. ಕಾರ್ಡ್ ಮರೆತು ಬರುವವರೇ ಜಾಸ್ತಿ.

ಕ್ಯಾಲೆಂಡರಿನ ಹಿಂಬದಿ ದೊಡ್ಡಕ್ಷರದಲ್ಲಿ ಹೀಗೆ ಬರೆಯಬಹುದು: 'ಏಪ್ರಿಲ್ 16, ಗುರುವಾರ. ಬಾಯಿಗೆ ಎರಡು: ಪೋಲಿಯೊ, ರೋಟಾ. ಚುಚ್ಚುವುದು ಮೂರು: ಪೆಂಟಾ ಎಡ ತೊಡೆಗೆ, ಪಿಸಿವಿ ಬಲ ತೊಡೆಗೆ, ಐಪಿವಿ ಬಲ ತೋಳಿಗೆ.' ಮೇ 14ಕ್ಕೆ ಬಾಯಿಗೆ ಎರಡು, ಚುಚ್ಚುವುದು ಪೆಂಟಾ ಒಂದೇ. ಜೂನ್ 11ಕ್ಕೆ ಮತ್ತೆ ಎರಡು ಮತ್ತು ಮೂರು. ಹೆಸರು ನಾಲಿಗೆಗೆ ಬಾರದಿದ್ದರೂ 'ಬಾಯಿಗೆ ಎರಡು, ಚುಚ್ಚಿದ್ದು ಮೂರು' ಎಂದು ಯಾವ ಅಜ್ಜಿಯಾದರೂ ಎಣಿಸಿ ಹೇಳುತ್ತಾರೆ. ಸಂಜೆ ಬಂದು ನೀವು ಕೇಳಬೇಕಾದದ್ದೂ ಅಷ್ಟೇ. ಪಲ್ಸ್ ಪೋಲಿಯೊ ಭಾನುವಾರ ಬೂತ್‌ನಲ್ಲಿ ಹಾಕಿದ ಹನಿ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ಹೆಚ್ಚಿನದು ಎಂದು ಒಂದು ಸಾಲು ಸೇರಿಸಿ.

ಒಂದು ಗುರುವಾರ ತಪ್ಪಿತು ಅಂದುಕೊಳ್ಳಿ. ಸಣ್ಣ ಶೀತ, ಮೂಗು ಸೋರುವುದಕ್ಕೆಲ್ಲ ನಿಲ್ಲಿಸಬೇಕಿಲ್ಲ, ಆದರೂ ಹಿರಿಯರು ಹೆದರಿ ಮುಂದೂಡುತ್ತಾರೆ. ಮೇ 14ರ ಬದಲು ಜೂನ್ 4ಕ್ಕೆ ಹಾಕಿಸಿದರು ಎನ್ನೋಣ. ಕ್ಯಾಲೆಂಡರಿನಲ್ಲಿ ಜೂನ್ 11ರ ಕೆಂಪು ಸುತ್ತು ಹಾಗೇ ಕಾಯುತ್ತಿರುತ್ತದೆ, ಅವರು ಒಂದೇ ವಾರಕ್ಕೆ ಮತ್ತೆ ಹೊರಡುತ್ತಾರೆ. ಪೆಂಟಾದ ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ ಬೇಕು, ಅಂದರೆ ಜುಲೈ 2. ಮೊದಲಿಂದ ಶುರುಮಾಡುವ ಅಗತ್ಯವಿಲ್ಲ, ಹಾಕಿದ ಡೋಸ್ ವ್ಯರ್ಥವಾಗುವುದಿಲ್ಲ. ಆದ್ದರಿಂದ ಪೆನ್ನಿನಲ್ಲಿ ಬರೆಯುವುದು ಮುಂದಿನ ಒಂದೇ ತಾರೀಖು. ಉಳಿದದ್ದು ಪೆನ್ಸಿಲಿನಲ್ಲಿರಲಿ. ಲಸಿಕೆ ಹಾಕಿಸಿ ಬಂದ ದಿನವೇ, ನರ್ಸಮ್ಮ ಕಾರ್ಡಿನಲ್ಲಿ ಬರೆದ ಮುಂದಿನ ತಾರೀಖು ನೋಡಿಕೊಂಡು ಹೊಸ ಸುತ್ತು ಎಳೆಯಿರಿ.

ಡಿಸೆಂಬರ್ 10ಕ್ಕೆ ಎಂಆರ್, ಪಿಸಿವಿ, ಐಪಿವಿ ಮೂರು ಚುಚ್ಚು, ಬಾಯಿಗೆ ವಿಟಮಿನ್ ಎ. ಮಿದುಳು ಜ್ವರದ ಲಸಿಕೆ ಇರುವ ಜಿಲ್ಲೆಯಾದರೆ ಚುಚ್ಚು ಇನ್ನೊಂದು. ಅದಾದ ಮೇಲಿನ ಸರದಿ 16 ತಿಂಗಳು ತುಂಬಿದ ಮೇಲೆ, ಅಂದರೆ 2027ರ ಜುಲೈ 8, ಗುರುವಾರ. ಅಷ್ಟರಲ್ಲಿ ಈ ಕ್ಯಾಲೆಂಡರ್ ಗೋಡೆಯಿಂದ ಇಳಿದಿರುತ್ತದೆ. ಆ ತಾರೀಖನ್ನು ಈಗಲೇ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನ ಒಳಗೆ ಪಿನ್ ಮಾಡಿಡಿ, ಜನವರಿಯಲ್ಲಿ ಹೊಸ ಕ್ಯಾಲೆಂಡರ್ ತೂಗುಹಾಕುವಾಗ ಅಪ್ಪನ ಕೈಯಲ್ಲೇ ಸುತ್ತು ಹಾಕಿಸಿ.