ಎರಡು ಪೇಜ್ ಕವರ್ ಲೆಟರ್, ಅಸಲಿ ವಿಷ್ಯ ಎರಡನೇ ಪೇಜಲ್ಲಿ

ಕವರ್ ಲೆಟರ್ ತಿದ್ದಿಸ್ಕೊಳ್ಳೋಕೆ ನನ್ನ ಹತ್ರ ಬಂದ ಇವ್ರು ಪೀಣ್ಯದ ಒಂದು ಫ್ಯಾಕ್ಟರೀಲಿ ಅಕೌಂಟ್ಸ್ ನೋಡ್ಕೊಳ್ಳೋರು (ಗುರುತು ಸಿಗ್ಬಾರ್ದು ಅಂತ ಕೆಲವು ವಿವರ ಬದಲಾಯಿಸಿದೀನಿ). ವೈಟ್‌ಫೀಲ್ಡ್ ಕಡೆ ದೊಡ್ಡ ಕಂಪ್ನೀಲಿ ವೆಂಡರ್ ಪೇಮೆಂಟ್ಸ್ ಟೀಮ್ ಲೀಡ್ ಕೆಲ್ಸಕ್ಕೆ ಹಾಕ್ತಿದ್ರು, ಲೆಟರ್ ಒಂದೇ ಪೇಜ್ ಇರ್ಬೇಕು ಅಂತ ಜಾಹೀರಾತಲ್ಲೇ ಇತ್ತು. ಇವ್ರು ಫಾಂಟ್ 9ಕ್ಕೆ ಇಳಿಸಿ ಮಾರ್ಜಿನ್ ಒತ್ತರಿಸಿ ಎರಡು ಪೇಜನ್ನ ಒಂದರಲ್ಲಿ ತುರುಕ್ಕೊಂಡು ಬಂದಿದ್ರು, ಅದನ್ನ ಯಾರೂ ಓದಲ್ಲ. 11ರ ಫಾಂಟ್‌ಗೆ ವಾಪಸ್ ತಂದ್ರೆ ಮತ್ತೆ ಎರಡು ಪೇಜ್.

ಮೊದ್ಲು ಲೆಟರ್ ಮುಟ್ಲಿಲ್ಲ. ಜಾಹೀರಾತಲ್ಲಿ ಅವ್ರಿಗೆ ನಿಜವಾಗ್ಲೂ ಬೇಕಾಗಿದ್ದು ಮೂರು: ವೆಂಡರ್ ಲೆಕ್ಕ ತಾಳೆ ಮಾಡೋದು, ಜಿಎಸ್‌ಟಿ, ಜನರನ್ನ ನಡೆಸೋದು. ಆಮೇಲೆ ಲೆಟರಿನ ಪ್ರತಿ ವಾಕ್ಯದ ಪಕ್ಕ 1, 2, 3 ಬರೀರಿ, ಯಾವ್ದಕ್ಕೂ ಸೇರದಿದ್ರೆ ಖಾಲಿ ಬಿಡಿ ಅಂದೆ. ಮೊದಲ್ನೇ ಪೇಜ್ ಹೆಚ್ಚುಕಮ್ಮಿ ಪೂರ್ತಿ ಖಾಲಿ! ಕಂಪ್ನಿ ಹೊಗಳಿಕೆ, ಬಿ.ಕಾಂ. ಕಥೆ, ಗೊತ್ತಿರೋ ಸಾಫ್ಟ್‌ವೇರ್ ಪಟ್ಟಿ, ಎಲ್ಲಾ ರೆಸ್ಯೂಮೆಲಿ ಇರೋದೇ. ಅತ್ತೆಯ ಆರೈಕೆಗೆ ಹಿಂದೊಮ್ಮೆ ಕೆಲ್ಸ ಬಿಟ್ಟಿದ್ದರ ಬಗ್ಗೆ ಎರಡು ಪ್ಯಾರಾ ಇತ್ತು, ಒಂದು ಸಾಲು ಸಾಕು.

ಎರಡನೇ ಪೇಜಿನ ಕೆಳಗೆ "ಜಿಎಸ್‌ಟಿ ಕ್ರೆಡಿಟ್ ಸಮಸ್ಯೆಗಳನ್ನು ಬಗೆಹರಿಸಿದ್ದೇನೆ" ಅಂತಿತ್ತು. ಹೇಗೆ ಅಂತ ಕೇಳ್ದೆ. ಆವಾಗ ಬಂತು ನೋಡಿ ಅಸಲಿ ವಿಷ್ಯ. 2022ರ ಜನವರಿಯಿಂದ ಸಪ್ಲೈಯರ್ ಹಾಕಿದ ಬಿಲ್ ಪೋರ್ಟಲ್ ಕೊಡೋ ನಮ್ಮ ಖರೀದಿ ಪಟ್ಟಿ GSTR-2Bಲಿ ಕಾಣದಿದ್ರೆ ಆ ಟ್ಯಾಕ್ಸ್ ಕ್ರೆಡಿಟ್ ತಗೊಳ್ಳೋ ಹಾಗಿಲ್ಲ, ಆ ಪಟ್ಟಿ ಬರೋದು 14ನೇ ತಾರೀಕು, ಸಪ್ಲೈಯರ್ ತಿಂಗಳ ಮಾರಾಟದ ರಿಟರ್ನ್ GSTR-1 ಹಾಕೋಕೆ ಗಡುವು 11. ಎಲ್ಲರೂ 14 ಆದ್ಮೇಲೆ ಪರದಾಡ್ತಿದ್ರೆ ಇವ್ರು 5ನೇ ತಾರೀಕಿಂದ್ಲೇ ಹಿಂದೆ ಗಡುವು ತಪ್ಪಿಸಿದ್ದ ವೆಂಡರ್‌ಗಳಿಗೆ ಮಾತ್ರ ಫೋನ್ ಮಾಡೋ ಪದ್ಧತಿ ಶುರು ಮಾಡಿದ್ರು, ಇಬ್ಬರು ಜೂನಿಯರ್‌ಗಳಿಗೂ ಹಂಚಿದ್ರು. ಸಿಕ್ಕಿಹಾಕ್ಕೊಳ್ತಿದ್ದ ಕ್ರೆಡಿಟ್ ಆರು ತಿಂಗಳಲ್ಲಿ ಮೂರನೇ ಒಂದು ಭಾಗಕ್ಕೆ ಇಳೀತು. ಮೂರೂ ನಂಬರ್ ಒಂದೇ ಘಟನೇಲಿ!

ಇದನ್ನ ಮೊದಲ ಪ್ಯಾರಾ ಆದ್ಮೇಲೆ ನೇರವಾಗಿ ಹಾಕಿಸ್ದೆ: ಮೊದ್ಲು ಹೇಗಿತ್ತು, ಇವ್ರು ಏನ್ ಮಾಡಿದ್ರು, ಎಷ್ಟು ಇಳೀತು. ಇದಕ್ಕೆ ಆರು ಸಾಲು ಕೊಟ್ವಿ, ಇಲ್ಲಿ ಜಿಪುಣತನ ಮಾಡಿದ್ರೆ ಮತ್ತೆ ಹಳೇ "ಬಗೆಹರಿಸಿದ್ದೇನೆ"ಗೇ ಬಂದು ನಿಲ್ತೀವಿ. ರೂಪಾಯಿ ಲೆಕ್ಕ, ವೆಂಡರ್ ಹೆಸರು ಬೇಡ ಅಂದೆ, ಅದು ಈಗಿನ ಕಂಪ್ನಿಯ ಒಳಗಿನ ವಿಷ್ಯ, ಪ್ರಮಾಣ ಹೇಳಿದ್ರೆ ಸಾಕು. ಇಂಟರ್‌ವ್ಯೂಲಿ ಕೆದಕಿದ್ರೆ ಉತ್ತರ ಕೊಡೋಕಾಗದ ಅಂಕಿ ಒಂದೂ ಇರ್ಬಾರ್ದು.

"ಮೇಡಂ, ಬೆಸ್ಟ್ ಎಂಪ್ಲಾಯಿ ಅವಾರ್ಡ್ ತೆಗೀಲೇಬೇಕಾ?" ಅಂದ್ರು. ಯಾತಕ್ಕೆ ಕೊಟ್ರು ಅಂತ ಕೇಳಿದ್ರೆ ಇದೇ ಕೆಲ್ಸಕ್ಕಂತೆ, ಹಾಗಾಗಿ ಆ ಪ್ಯಾರಾದ ಕೊನೇಲಿ ನಾಲ್ಕು ಪದವಾಗಿ ಉಳೀತು.